ಒಲೆಯಿಂದ ಇಳಿದ ಮೇಲಿನ ಏಳು ಡಿಗ್ರಿ

ಸೂಸ್ ಊರಿನ ಕಡಲತೀರದಲ್ಲಿ ಆ ಹೋಟೆಲಿನ ಅಡಿಗೆಮನೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಅಂತ ಇದ್ದದ್ದು ಒಂದೇ ಒಂದು, ಅದೂ ಸೂರಿಗೆ ಅಂಟಿಕೊಂಡಂತೆ ಮೇಲೆ. ಅದರಾಚೆಗೆ ಈಜುಕೊಳಕ್ಕೆ ಹೋಗುವ ದಾರಿ. ಹಾಗಾಗಿ ಮೊಂಜಿಯಾ ಇಷ್ಟು ವರ್ಷ ಅನ್ನ ಹಾಕಿದ ಅತಿಥಿಗಳ ಮುಖ ನೋಡಿದ್ದು ಕಡಿಮೆ, ಕಾಲು ನೋಡಿದ್ದೇ ಹೆಚ್ಚು. ಬಿಸಿಲಿಗೆ ಸುಟ್ಟು ಕೆಂಪಾದ ಕಾಲು ಕಂಡರೆ ಇಂಗ್ಲಿಷರು, ಚಪ್ಪಲಿಯೊಳಗೆ ಕಾಲುಚೀಲ ಕಂಡರೆ ಜರ್ಮನಿಯವರು. ಕಾಲು ನೋಡಿಯೇ ಅವಳು ಆ ದಿನದ ಮಾಂಸ ಎಷ್ಟು ಕೆಂಪಗಿರಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ಗೋರಂಟಿ ಹಚ್ಚಿದ ಕಾಲು ಹೆಚ್ಚಾಗಿದ್ದರೆ ಯಾವುದೋ ನಮ್ಮವರ ಮದುವೆ ಇದೆ, ಕುರಿ ಎಲುಬು ಬಿಟ್ಟು ಉದುರುವ ಹಾಗೆ ಬೇಯಬೇಕು, ಗುಲಾಬಿ ಬಣ್ಣ ಕಂಡರೆ ಹಸಿ ಹಾಕಿದರು ಅಂತ ಅಜ್ಜಿಯರು ತಟ್ಟೆ ವಾಪಸು ಕಳಿಸುತ್ತಾರೆ.

ಮೊಂಜಿಯಾ ಕೆರ್ಕೆನ್ನಾ ದ್ವೀಪದವಳು. ಮೀನು ಹಿಡಿಯುವವರ ಮನೆ. ಗಂಡ ತಾಹರ್ ಇದೇ ಹೋಟೆಲಿನಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ. ಅವನು ಎದೆನೋವಿನಿಂದ ಹೋದಾಗ, ಅವನ ಸೋದರತ್ತೆಯ ಮಗ ಲಾಮೀನ್, ಆಗಲೇ ಇಲ್ಲಿನ ದೊಡ್ಡ ಬಾಣಸಿಗ, ಇವಳನ್ನು ಕರೆದು ಒಲೆಯ ಮುಂದೆ ನಿಲ್ಲಿಸಿದರು. ಎಲ್ಲರೂ ಅವರನ್ನು ಗೌರವದಿಂದ ಸಿ ಲಾಮೀನ್ ಎನ್ನುತ್ತಿದ್ದರು, ಇವಳೂ ಹಾಗೇ. ಅವರು ಕೈಹಿಡಿದು ಕಲಿಸಿದರು ಎನ್ನುವುದು ನಿಜ. ಕಲಿಸುವ ಮೊದಲು ಮಾತು ತೆಗೆದುಕೊಂಡರು ಎನ್ನುವುದೂ ನಿಜ. ಅವರ ತಾಯಿಯ ಎದುರು, ಊಟದ ಮೇಜಿನ ರೊಟ್ಟಿಯ ಮೇಲೆ ಕೈ ಇಟ್ಟು ಅವಳು ಆಣೆ ಮಾಡಿದ್ದಳು, "ಈ ಒಲೆಗೆ ಇನ್ನೊಂದು ಕೈ ಸಿಗೋವರೆಗೂ ಬಿಟ್ಟು ಹೋಗಲ್ಲ." ಆಗ ಅದು ಕೃತಜ್ಞತೆಯ ಮಾತು. ಗಂಡ ಸತ್ತು ದಿಕ್ಕು ಕಾಣದ ಹೊತ್ತಿನಲ್ಲಿ ಆಡಿದ ಮಾತು. ಆ ತಾಯಿ ಈಗ ಇಲ್ಲ. ಮಾತು ಬಿಡಿಸಿಕೊಳ್ಳಲು ಹೋಗಿ ಯಾರನ್ನು ಕೇಳುವುದು?

ಬಾಗಿಲಿಗೆ ಯಾರೂ ಬೀಗ ಹಾಕಿರಲಿಲ್ಲ. ಅದೇ ಕಷ್ಟವಾಗಿದ್ದದ್ದು.

ಆ ವರ್ಷ ಬೇಸಿಗೆ ಇಳಿಯುವಾಗ ಅವಳ ತಂಗಿ ಬಹೀಜಾ ದ್ವೀಪದಿಂದ ಫೋನು ಮಾಡಿದಳು. ಬಂದರಿನ ಪಕ್ಕ ಅವಳು ಒಂದು ಊಟದ ಮನೆ ತೆರೆಯುವವಳಿದ್ದಳು. ಎರಡು ಒಲೆ ಕಟ್ಟಿಸಿದ್ದಳು, ಒಂದು ತನಗೆ, ಒಂದು ಅಕ್ಕನಿಗೆ.

"ಆಕ್ಟೋಪಸ್ ಕಾಲ ಶುರುವಾಗೋ ಮೊದಲು ನೀನು ಬರಲೇಬೇಕು," ಎಂದಳು ಬಹೀಜಾ. "ಆಮೇಲೆ ಬಂದ್ರೆ ಏನೂ ಉಪಯೋಗ ಇಲ್ಲ. ನಮ್ಮ ನಾದಿನಿ ನಜೀಹಾ ಆ ಎರಡನೇ ಒಲೆ ಮೇಲೆ ಈಗಾಗ್ಲೇ ಕಣ್ಣು ಹಾಕಿದಾಳೆ. ನನ್ನೊಬ್ಬಳ ಕೈಲಿ ಆಗಲ್ಲ, ಅವಳನ್ನ ಸೇರಿಸ್ಕೊಂಡ್ರೆ ಆಮೇಲೆ ಎದ್ದು ಹೋಗು ಅನ್ನೋಕೂ ಆಗಲ್ಲ."

"ಇಲ್ಲಿ ಇನ್ನೂ ಯಾರೂ ಸಿಕ್ಕಿಲ್ಲ ಕಣೆ."

"ನೀನು ನಮ್ಮಪ್ಪ ಕಡಲಿಗೆ ಇಳಿಸ್ತಿದ್ದ ಮಡಕೆ ನೆನಪಿದೆಯಾ? ಆಕ್ಟೋಪಸ್ ಬಂದು ಒಳಗೆ ಕೂತ್ಕೊಳ್ತಿತ್ತು. ಬಾಯಿ ತೆರೆದೇ ಇರ್ತಿತ್ತು, ಮುಚ್ಚಳ ಇರಲಿಲ್ಲ. ಆದ್ರೂ ಎಳೆದು ದೋಣಿಗೆ ಹಾಕೋವರೆಗೂ ಆಚೆ ಬರ್ತಿರಲಿಲ್ಲ. ನೀನೂ ಹಾಗೇ."

ಮೊಂಜಿಯಾಗೆ ನಗು ಬಂತು, ಸಿಟ್ಟೂ ಬಂತು. ಫೋನು ಇಟ್ಟು ಕುರಿಯ ತೊಡೆಗೆ ಉಪ್ಪು ಸವರಲು ಹೋದಳು.

ಇನ್ನೊಂದು ಕೈ ಸಿಕ್ಕಿರಲಿಲ್ಲ ಎಂದರೆ ಹುಡುಕಲಿಲ್ಲ ಅಂತಲ್ಲ. ಬಂದವರೆಲ್ಲ ಒಂದೇ ಕಡೆ ಎಡವುತ್ತಿದ್ದರು. ಸಿ ಲಾಮೀನ್ ಮೇಜಿನ ಮೇಲೆ ಬರುವಾಗ ದನದ ಮಾಂಸದ ನಡುಭಾಗ ಐವತ್ತಾರು ಡಿಗ್ರಿ ಇರಬೇಕು ಎನ್ನುತ್ತಿದ್ದರು, ಕುರಿಯ ತೊಡೆ ಅರವತ್ತೆರಡು. ಮಾಂಸದ ದಪ್ಪ ಭಾಗಕ್ಕೆ, ಎಲುಬಿಗೆ ತಾಗದ ಹಾಗೆ, ಸೂಜಿಯಂಥ ಥರ್ಮಾಮೀಟರ್ ಚುಚ್ಚಿ ನೋಡುವುದು ಪದ್ಧತಿ. ಅದನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಹೊಸಬರು ಸೂಜಿ ಅರವತ್ತೆರಡು ತೋರಿಸುವವರೆಗೆ ಕಾದು, ಆಮೇಲೆ ಓವನ್‌ನಿಂದ ತೆಗೆಯುತ್ತಿದ್ದರು. ಆಚೆ ಬಂದ ಮಾಂಸ ತಣ್ಣಗಾಗಬೇಕಲ್ಲ ಎಂದು ಅವರ ಲೆಕ್ಕ. ಆದರೆ ಅದು ಹಲಗೆಯ ಮೇಲೆ ಕೂತಲ್ಲಿಯೇ ಏರುತ್ತಿತ್ತು. ಅರವತ್ತೈದು, ಅರವತ್ತೆಂಟು, ಅರವತ್ತೊಂಬತ್ತು. ಕೊಯ್ದರೆ ಬೂದುಬಣ್ಣದ ಒಣ ನಾರು. ಇನ್ನು ಕೆಲವರು ಏರುವ ಭಯಕ್ಕೆ ತೆಗೆದ ತಕ್ಷಣ ಕೊಯ್ದುಬಿಡುತ್ತಿದ್ದರು, ಆಗ ರಸವೆಲ್ಲ ಹಲಗೆ ತುಂಬ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಬ್ಬ ಸಿಟ್ಟು ಮಾಡಿಕೊಂಡು ಬಿಟ್ಟು ಹೋದ, ಇನ್ನೊಬ್ಬ ಸಿಹಿತಿಂಡಿಯ ಕಡೆಗೆ ಹೋಗಿ ನೆಮ್ಮದಿಯಾಗಿದ್ದ.

ಪ್ರತಿ ಸಲ ಸಿ ಲಾಮೀನ್ ಒಂದೇ ಮಾತು. "ನೋಡಿದ್ಯಲ್ಲ ಮೊಂಜಿಯಾ. ನಾನೇನು ನಿನ್ನ ಹಿಡ್ಕೊಂಡಿದೀನಾ? ಕೈ ಸಿಗ್ತಿಲ್ಲ." ಮೇಲಿನವರು ತಮ್ಮನ್ನು ಹೇಗೆ ಬೈಯುತ್ತಾರೆ ಎಂದು ಅವರು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಮ್ಯಾನೇಜರನ ಮೇಲಿನ ಕೋಣೆಯಿಂದ ಇಳಿದು ಬಂದ ದಿನ ಅವರು ಗೋಡೆಗೆ ಬೆನ್ನು ಕೊಟ್ಟು ನಿಂತು ಒಂದು ಲೋಟ ನೀರನ್ನು ನಿಧಾನವಾಗಿ ಕುಡಿಯುವುದನ್ನು ಮೊಂಜಿಯಾ ಕಂಡಿದ್ದಳು.

ಈ ಸಲ ಇದ್ದವನು ಶಾದ್ಲಿ. ಕಸ್ರೀನ್ ಕಡೆಯವನು, ಬೆಟ್ಟದ ನಾಡು, ಕಡಲು ಕಾಣದ ಊರು. ವಯಸ್ಸು ನಲವತ್ತು ದಾಟಿತ್ತು. ಅಲ್ಲಿ ಬಸ್ಸು ನಿಲ್ದಾಣದ ಎದುರು ಕೆಂಡದ ಮೇಲೆ ಕುರಿಯ ಈಲಿ ಸುಟ್ಟು ರೊಟ್ಟಿಯೊಳಗೆ ಇಟ್ಟು ಮಾರುತ್ತಿದ್ದವನು. ರಸ್ತೆ ಅಗಲ ಮಾಡುವಾಗ ಅವನ ಗೂಡಂಗಡಿ ಹೋಯಿತು. ಹೆಂಡತಿ ಮಗಳನ್ನು ಊರಲ್ಲೇ ಬಿಟ್ಟು ಬಂದಿದ್ದ. "ಒಂದೇ ಒಂದು ಬೇಸಿಗೆ ಅಕ್ಕ. ಆಮೇಲೆ ವಾಪಸ್ ಹೋಗಿ ಹೊಸ ಗೂಡು ಹಾಕ್ತೀನಿ," ಎಂದು ಬಂದ ದಿನದಿಂದ ಹೇಳುತ್ತಿದ್ದ. ಎಷ್ಟು ಸಲ ಹೇಳಿದ್ದನೆಂದರೆ ಮೊಂಜಿಯಾಗೆ ಆ ಗೂಡಿನ ಬಣ್ಣ ಸಹ ಗೊತ್ತಾಗಿತ್ತು. ಹಸಿರು.

ಅವನ ಕೈ ಚೆನ್ನಾಗಿತ್ತು, ಮೂಗು ಇನ್ನೂ ಚೆನ್ನಾಗಿತ್ತು. ಆದರೆ ಸೂಜಿಗೆ ಮಾತ್ರ ಹೆದರುತ್ತಿದ್ದ, ಶಾಲೆಯಲ್ಲಿ ಮೇಷ್ಟ್ರಿಗೆ ಹೆದರಿದ ಹಾಗೆ.

ತಂಗಿಯ ಫೋನು ಬಂದ ಮೇಲೆ ಮೊಂಜಿಯಾಗೆ ಅವಸರ ಹಿಡಿಯಿತು. ಶಾದ್ಲಿಯನ್ನು ಪಕ್ಕಕ್ಕೆ ಕರೆದು ಹೇಳಿದಳು, "ನೋಡು, ತಲೆ ಕೆಡಿಸ್ಕೋಬೇಡ. ಸಿ ಲಾಮೀನ್ ಹೇಳೋ ಅಂಕಿಗಿಂತ ಏಳು ಕಡಿಮೆ ಇದ್ದಾಗ ಆಚೆ ತೆಗಿ. ಮೇಲೆ ಒಂದು ಅಲ್ಯುಮಿನಿಯಂ ಹಾಳೆ ಸಡಿಲವಾಗಿ ಹೊದಿಸು. ಕಾಯಿ. ಮಿಕ್ಕಿದ ಏಳನ್ನ ಅದೇ ಏರುತ್ತೆ."

"ಏಳು ಕಡಿಮೆ."

"ಏಳು."

"ಏರದೇ ಇದ್ರೆ?"

"ಏರುತ್ತೆ ಅಂತ ಹೇಳಿದ್ನಲ್ಲಪ್ಪ. ನೀನು ಪ್ರಶ್ನೆ ಕೇಳ್ತಾ ಕೂತ್ರೆ ನಮ್ಮೂರಲ್ಲಿ ಆಕ್ಟೋಪಸ್ ಕಾಲ ಮುಗಿದೇ ಹೋಗುತ್ತೆ."

ಶನಿವಾರ ಪರೀಕ್ಷೆ. ಸಿ ಲಾಮೀನ್ ತೋಳು ಮಡಿಸಿ ನಿಂತರು. ಮೂರು ಪದಾರ್ಥ. ಪಕ್ಕೆಲುಬಿನ ಜೊತೆಗಿರುವ ದನದ ಮಾಂಸದ ದೊಡ್ಡ ತುಂಡು, ಕುರಿಯ ತೊಡೆ, ಮತ್ತು ಕಾರೂಸ್ ಮೀನಿನ ಹೋಳುಗಳು. ಕಾರೂಸ್ ಬೆಳ್ಳಿ ಬಣ್ಣದ ಸಮುದ್ರದ ಮೀನು, ಹೋಳು ಬೆರಳಿನಷ್ಟು ದಪ್ಪ ಇರುತ್ತದೆ. ಅದಕ್ಕೆ ಐವತ್ತೆಂಟು ಎಂದರು.

"ಮೊಂಜಿಯಾ, ನೀನು ಐಸ್ ಕೋಣೆ ಬಾಗಿಲ ಹತ್ರ ನಿಲ್ಲು. ಬಾಯಿ ಬಿಡಬಾರದು. ಕಣ್ಣೂ ಆಡಿಸ್ಬಾರದು, ನಿನ್ನ ಕಣ್ಣು ಮಾತಾಡುತ್ತೆ."

ಅವಳು ನಿಂತಳು. ಬೆನ್ನ ಹಿಂದೆ ಐಸ್ ಕೋಣೆಯ ಕಬ್ಬಿಣದ ಚಳಿ, ಮುಖಕ್ಕೆ ಓವನ್ನಿನ ಕಾವು. ಶಾದ್ಲಿ ಸೂಜಿ ಚುಚ್ಚಿದ. ನಲವತ್ತೆಂಟು. ಕಾದ. ನಲವತ್ತೊಂಬತ್ತು. ಅವನ ಕೈ ಒಂದು ಸಲ ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಬಂದು ದನದ ಮಾಂಸವನ್ನು ಆಚೆ ತೆಗೆಯಿತು. ಹೊದಿಸಿ ಇಟ್ಟ. ಐವತ್ತೈದರಲ್ಲಿ ಕುರಿಯ ತೊಡೆಯನ್ನೂ ತೆಗೆದ. ಎರಡೂ ಹಲಗೆಯ ಮೇಲೆ ಕೂತವು. ಸೂಜಿಯ ಪುಟ್ಟ ಗಾಜಿನಲ್ಲಿ ಅಂಕಿ ಒಂದೊಂದೇ ಏರಿತು. ಬೆಂಕಿ ಇಲ್ಲದೆ ಏರುವುದನ್ನು ನೋಡುವಾಗ ಶಾದ್ಲಿಯ ತುಟಿ ತೆರೆದೇ ಇತ್ತು. ದನದ್ದು ಐವತ್ತಾರಕ್ಕೆ ಬಂದು ನಿಂತಿತು, ಕುರಿಯದು ಅರವತ್ತೆರಡಕ್ಕೆ. ಕೊಯ್ದರು. ಅಂಚಿನಿಂದ ನಡುವಿನವರೆಗೆ ಒಂದೇ ಗುಲಾಬಿ ಬಣ್ಣ. ಸಿ ಲಾಮೀನ್ ಒಂದು ಚೂರು ಬಾಯಿಗೆ ಹಾಕಿಕೊಂಡು ತಲೆದೂಗಿದರು.

ಮೊಂಜಿಯಾಗೆ ಕಿವಿಯಲ್ಲಿ ದೋಣಿಯ ಶಿಳ್ಳೆ ಕೇಳಿದ ಹಾಗಾಯಿತು.

ಆಮೇಲೆ ಮೀನು. ಶಾದ್ಲಿಯ ಮುಖದಲ್ಲಿ ಈಗ ಧೈರ್ಯ ಇತ್ತು. ಬಾಣಲೆಯಲ್ಲಿದ್ದ ಹೋಳಿಗೆ ಸೂಜಿ ಅಡ್ಡಲಾಗಿ ಚುಚ್ಚಿದ. ಐವತ್ತು. ಐವತ್ತೊಂದು. ಅಲ್ಲೇ ಎತ್ತಿಬಿಟ್ಟ. ಎತ್ತಿ, ತಟ್ಟೆಯ ಮೇಲೆ ಇಟ್ಟು, ಕುರಿಗೆ ಮಾಡಿದ ಹಾಗೆಯೇ ಮುತುವರ್ಜಿಯಿಂದ ಹೊದಿಸಿ, ಕೈ ಕಟ್ಟಿ ನಿಂತ.

ಮೊಂಜಿಯಾ ಕಣ್ಣು ಮುಚ್ಚಿಕೊಂಡಳು. ಬಿಟ್ಟಿದ್ದರೆ ಅದು ಮಾತಾಡಿಬಿಡುತ್ತಿತ್ತು.

ಅಂಕಿ ಐವತ್ತೆರಡಕ್ಕೆ ಏರಿತು. ಅಲ್ಲಿ ಸ್ವಲ್ಪ ನಿಂತಿತು. ಐವತ್ತೊಂದಾಯಿತು. ನಲವತ್ತೊಂಬತ್ತಾಯಿತು. ಶಾದ್ಲಿ ಹೊದಿಕೆ ಎತ್ತಿ ನೋಡಿದ, ಮತ್ತೆ ಮುಚ್ಚಿದ. ನಲವತ್ತಾರು. ಸಿ ಲಾಮೀನ್ ಚಮಚದ ತುದಿಯಿಂದ ಹೋಳನ್ನು ಬಿಡಿಸಲು ನೋಡಿದರು. ಅದು ಪದರವಾಗಿ ಬಿಡಲಿಲ್ಲ, ನಡುವೆ ಗಾಜಿನ ಹಾಗೆ ಪಾರದರ್ಶಕವಾಗಿ ಚರ್ಮಕ್ಕೆ ಅಂಟಿಕೊಂಡಿತ್ತು.

"ಇದು ಬೆಂದಿಲ್ಲ," ಎಂದರು ಅವರು, ದನಿ ಏರಿಸದೆ. "ಸಮುದ್ರಕ್ಕೆ ಬಿಟ್ರೆ ಇದು ಈಗ್ಲೂ ಈಜ್ಕೊಂಡು ಕೆರ್ಕೆನ್ನಾ ಸೇರುತ್ತೆ. ನಿನಗಿಂತ ಮೊದಲು ಸೇರುತ್ತೆ ಮೊಂಜಿಯಾ."

ಆಚೆ ಪಾತ್ರೆ ತೊಳೆಯುವವರು ನಕ್ಕರು. ಶಾದ್ಲಿ ತಟ್ಟೆಯನ್ನೇ ನೋಡುತ್ತಿದ್ದ.

"ಏಳು ಅಂದಿದ್ರಿ ಅಕ್ಕ," ಎಂದ, ಸಿ ಲಾಮೀನ್ ಹೋದ ಮೇಲೆ.

"ಹೌದು. ಅಂದಿದ್ದೆ."

"ಮೀನಿಗೆ ಬೇರೆ ಅಂತ ಹೇಳಲಿಲ್ಲ."

ಅವಳು ಹೇಳಿರಲಿಲ್ಲ. ಕಡಲ ಮಗಳು, ಮೀನು ತೆಳ್ಳಗಿದ್ದರೆ ಎತ್ತಿದ ಮೇಲೆ ಏನೂ ಏರುವುದಿಲ್ಲ ಎನ್ನುವುದು ಅವಳಿಗೆ ಉಸಿರಾಟದಷ್ಟು ಸಹಜ. ಅದನ್ನು ಯಾರಿಗಾದರೂ ಹೇಳಬೇಕು ಎಂದೇ ಹೊಳೆದಿರಲಿಲ್ಲ. ಶಾದ್ಲಿ ಮೀನು ಎಂದರೆ ಡಬ್ಬಿಯಲ್ಲಿ ಕಂಡವನು. ಅವನಿಗೆ ಅಂಕಿ ಕೊಟ್ಟಿದ್ದಳು, ಅಂಕಿ ಹುಟ್ಟುವ ಜಾಗ ತೋರಿಸಿರಲಿಲ್ಲ. ತೋರಿಸಬೇಕು ಎಂದುಕೊಂಡರೆ ಅವಳಿಗೇ ಮಾತು ಸಿಗಲಿಲ್ಲ. ಏರುತ್ತದೆ, ಏಕೆಂದರೆ ಏರುತ್ತದೆ. ಸಿ ಲಾಮೀನ್ ಎಂದೋ ಏನೋ ವಿವರಿಸಿದ್ದರು, ಫ್ರೆಂಚ್ ಮಾತು ಬೆರೆಸಿ. ಕೈ ಕಲಿತುಕೊಂಡಿತ್ತು, ಮಾತು ಉಳಿದಿರಲಿಲ್ಲ.

ಬಹೀಜಾ ಮತ್ತೆ ಫೋನು ಮಾಡಿದಳು. ಅಪ್ಪನ ಕಾಲದ ಮಡಕೆಗಳನ್ನು ಜನ ತೊಳೆದು ಬಿಸಿಲಿಗೆ ಇಡುತ್ತಿದ್ದಾರೆ ಎಂದಳು. ನಜೀಹಾ ತನ್ನ ಬಾಣಲೆಯನ್ನೇ ತಂದು ಎರಡನೇ ಒಲೆಯ ಪಕ್ಕ ತೂಗುಹಾಕಿದ್ದಾಳೆ ಎಂದಳು. "ಸುಮ್ನೆ ನೇತು ಹಾಕಿದೀನಿ ಅಂತಾಳೆ. ಯಾರಾದ್ರೂ ಬಾಣಲೆನ ಸುಮ್ನೆ ನೇತು ಹಾಕ್ತಾರಾ?"

ಮೊಂಜಿಯಾ ಫೋನು ಕಿವಿಗೆ ಹಿಡಿದೇ ಮೇಲೆ ನೋಡಿದಳು. ಮೇಲಿನ ಕಿಟಕಿಯಲ್ಲಿ ಕಾಲುಗಳು ಹೋಗುತ್ತಿದ್ದವು, ಎಲ್ಲವೂ ಕಡಲ ಕಡೆಗೆ.

ರಜೆಯ ದಿನ ಮಧ್ಯಾಹ್ನ ಅವಳು ಎಂದಿನಂತೆ ಹಮಾಮಿಗೆ, ಊರವರ ಉಗಿಸ್ನಾನದ ಮನೆಗೆ, ಹೋದಳು. ಹೆಂಗಸರ ಹೊತ್ತು. ಬಟ್ಟೆ ಒಗೆಯುವ ವಿಭಾಗದ ಜ್ಬೇದಾ ಜೊತೆಗಿದ್ದಳು, ಒಂದು ಬೆಂಚಿಗೆ ಒಬ್ಬಳೇ ಸಾಕಾಗುವಷ್ಟು ಆಳು. ಅತಿಥಿಗಳಿಗೆ ಕೀಲಿ ಕೊಡುವ ಸಲ್ವಾ ಕೂಡ ಬಂದಿದ್ದಳು, ಕಡ್ಡಿಯಂಥ ಹೆಣ್ಣು. ಮೂವರೂ ಒಳಗಿನ ಬಿಸಿ ಕೋಣೆಯಲ್ಲಿ ಉಗಿಗೆ ಕೂತು, ಮೈ ಉಜ್ಜಿಸಿಕೊಂಡು, ಆಚೆಯ ತಂಪು ಕೋಣೆಗೆ ಒಟ್ಟಿಗೇ ಬಂದು ಬಟ್ಟೆ ಸುತ್ತಿಕೊಂಡು ಕೂತರು.

ಸ್ವಲ್ಪ ಹೊತ್ತಿಗೆ ಸಲ್ವಾ ಹಲ್ಲು ಕಡಿಯತೊಡಗಿದಳು. "ಇನ್ನೊಂದು ಬಟ್ಟೆ ಕೊಡ್ರೇ, ಚಳಿ ಆಗ್ತಿದೆ."

"ನಿನಗೆ ಚಳಿಯಾ?" ಎಂದಳು ಜ್ಬೇದಾ. ಅವಳ ಮುಖ ಒಳಗಿದ್ದಾಗಿನದಕ್ಕಿಂತ ಈಗ ಹೆಚ್ಚು ಕೆಂಪಾಗಿತ್ತು, ಕತ್ತಿನ ಮಡಿಕೆಯಲ್ಲಿ ಬೆವರು ಹರಿಯುತ್ತಿತ್ತು. "ನಂಗೆ ಈಗ ಎದೆಯೊಳಗೆ ಬಿಸಿ ಹತ್ತುತಾ ಇದೆ. ಒಳಗೆ ಇದ್ದಾಗ ಇಷ್ಟು ಇರಲಿಲ್ಲಮ್ಮ. ಬೀಸಣಿಗೆ ಯಾರ ಹತ್ರ ಇದೆ?"

"ನೀನು ಮನೆಗೆ ಹೋಗಿ ನಮಾಜು ಮುಗಿಸೋವರೆಗೂ ಬೇಯ್ತಾನೇ ಇರ್ತೀಯ," ಎಂದಳು ಸಲ್ವಾ, ಬಟ್ಟೆಯೊಳಗಿಂದ.

"ಮೈ ಇದ್ರೆ ತಾನೇ ಬಿಸಿ ಇಟ್ಕೊಳ್ಳೋದು. ನಿನ್ನ ಹತ್ರ ಏನಿದೆ, ಚರ್ಮ ಮುಗಿದ್ರೆ ಎಲುಬು."

ಮೊಂಜಿಯಾ ಇಬ್ಬರನ್ನೂ ನೋಡಿದಳು. ಎಷ್ಟೋ ವರ್ಷ ನೋಡಿದ್ದೇ. ಇವತ್ತು ಮಾತ್ರ ನೋಟ ಅಲ್ಲೇ ನಿಂತಿತು. ಅವಳು ಕೈಯಲ್ಲಿದ್ದ ಕಿತ್ತಳೆಯನ್ನು ಸುಲಿಯುವುದು ಬಿಟ್ಟಳು.

"ಏನೇ ಹಾಗೆ ನೋಡ್ತಿದೀಯ?" ಎಂದಳು ಜ್ಬೇದಾ.

"ನಿನ್ನ ತೊಡೆ ನೋಡ್ತಿದೀನಿ."

"ಥೂ, ನಾಚ್ಕೆ ಇಲ್ದವಳೇ."

ಮರುದಿನ ಬೆಳಿಗ್ಗೆ ಓವನ್ ಹಚ್ಚುವ ಮೊದಲು ಅವಳು ಶಾದ್ಲಿಯನ್ನು ಕೂರಿಸಿಕೊಂಡಳು. ಎದುರಿಗೆ ಒಂದು ಕುರಿಯ ತೊಡೆ, ಒಂದು ಕುರಿಯ ಪಕ್ಕೆಯ ತುಂಡು, ಒಂದು ಮೀನಿನ ಹೋಳು.

"ಏಳು ಮರೆತುಬಿಡು," ಎಂದಳು. "ನಿಮ್ಮೂರ ಹಮಾಮಿನಲ್ಲಿ ಮೈ ಉಜ್ಜೋನು ಹೇಗಿದಾನೆ?"

"ಬ್ರಾಹಿಂ ಮಾವನಾ? ಆನೆ ಇದ್ದ ಹಾಗೆ."

"ಬಿಸಿ ಕೋಣೆಯಿಂದ ಆಚೆ ಬಂದು ಕೂತ್ಮೇಲೆ ಅವನು ಬೆವರ್ತಾನೋ ಇಲ್ವೋ?"

"ಆಗಲೇ ಜಾಸ್ತಿ ಬೆವರೋದು."

"ಯಾಕೆ? ಚರ್ಮದಲ್ಲಿ ಹಿಡ್ಕೊಂಡಿರೋ ಬಿಸಿ ಇನ್ನೂ ಒಳಕ್ಕೆ ಹೋಗ್ತಿರುತ್ತೆ, ಅದಕ್ಕೆ. ಈ ತೊಡೆನೂ ಹಾಗೇ. ಸೂಜಿ ನಡುಭಾಗದಲ್ಲಿ ಐವತ್ತೈದು ಅಂತ ಹೇಳ್ವಾಗ ಹೊರಗಿನ ಪದರ ಅದಕ್ಕಿಂತ ಎಷ್ಟೋ ಬಿಸಿ ಇರುತ್ತೆ, ಕೈ ಇಟ್ರೆ ಬೊಬ್ಬೆ. ಆಚೆ ತೆಗೆದ್ಮೇಲೆ ಆ ಬಿಸಿ ಸ್ವಲ್ಪ ಗಾಳಿಗೆ ಹೋಗುತ್ತೆ, ಮಿಕ್ಕಿದ್ದು ಒಳಗೆ ಹೋಗುತ್ತೆ. ಹೊರಗೂ ಒಳಗೂ ಹತ್ತಿರ ಹತ್ತಿರ ಆಗೋವರೆಗೆ ನಡುಭಾಗ ಏರ್ತಾನೇ ಇರುತ್ತೆ. ಆಮೇಲೆ ಎಲ್ಲಾ ಒಟ್ಟಿಗೆ ಇಳಿಯುತ್ತೆ."

ಶಾದ್ಲಿ ಮೀನಿನ ಹೋಳನ್ನು ಬೆರಳಲ್ಲಿ ಮುಟ್ಟಿದ. "ಇದರ ಹತ್ರ ಒಳಕ್ಕೆ ಕಳಿಸೋಕೆ ಏನೂ ಇಲ್ಲ."

"ಇಲ್ಲ. ಅದು ಸಲ್ವಾ. ಆಚೆ ಬಂದ ತಕ್ಷಣ ನಡುಗುತ್ತೆ. ಒಂದು ಡಿಗ್ರಿ ಏರಿದ್ರೆ ಹೆಚ್ಚು. ಬೇಕಾದ ಅಂಕಿ ಹತ್ರ ಬರೋವರೆಗೂ ಬೆಂಕಿ ಮೇಲೇ ಇಡ್ಬೇಕು."

"ಸಲ್ವಾ ಅಂದ್ರೆ ಕೀಲಿ ಕೊಡೋಳಾ?"

"ಅವಳ ಮುಂದೆ ಬಾಯಿ ಬಿಟ್ಟೀಯ."

ಅವನು ಪಕ್ಕೆಯ ತುಂಡನ್ನು ಎತ್ತಿ ತೂಗಿ ನೋಡಿದ. "ಇದು ನಡುವಿನದು. ಎರಡೋ ಮೂರೋ ಏರುತ್ತೆ?"

"ಅಷ್ಟೇ."

"ಓವನ್ ತುಂಬಾ ಬಿಸಿ ಇದ್ರೆ?"

ಈ ಪ್ರಶ್ನೆಯನ್ನು ಅವಳು ಕಲಿಸಿರಲಿಲ್ಲ. ಅವಳಿಗೆ ಒಳಗೊಳಗೇ ಹಿತವಾಯಿತು. "ಹೊರಗಿನ ಪದರ ಇನ್ನೂ ಹೆಚ್ಚು ಕಾದಿರುತ್ತಲ್ಲ. ಹಾಗಾದ್ರೆ ಇನ್ನೂ ಹೆಚ್ಚು ಏರುತ್ತೆ. ಬಿಗಿಯಾಗಿ ಸುತ್ತಿಟ್ರೂ ಅಷ್ಟೇ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೇಯ್ಸಿದ್ರೆ ಕಡಿಮೆ."

ಆವತ್ತಿನಿಂದ ಶಾದ್ಲಿ ಮಾಂಸವನ್ನು ಮೊದಲು ಕೈಯಲ್ಲಿ ಎತ್ತಿ ನೋಡುತ್ತಿದ್ದ, ಆಮೇಲೆ ಸೂಜಿ. ಒಂದೆರಡು ಸಲ ತಪ್ಪಿದ. ಒಂದು ದಿನ ಪಕ್ಕೆಯ ತುಂಡುಗಳನ್ನು ಕಬ್ಬಿಣದ ಬಿಸಿ ತಟ್ಟೆಯ ಮೇಲೆಯೇ ಬಿಟ್ಟು ಹೊದಿಸಿದ, ಆಚೆ ತೆಗೆದೆ ಎಂದುಕೊಂಡಿದ್ದ, ಕೆಳಗಿನಿಂದ ಬೇಯುತ್ತಲೇ ಇದ್ದವು. ಮೊಂಜಿಯಾ ಬೈದಳು. ಬೈದ ಮೇಲೆ ತಟ್ಟೆ ಬದಲಾಯಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು.

ಸಿ ಲಾಮೀನರನ್ನು ಅವಳೇ ಹೋಗಿ ಕೇಳಿದಳು. "ಇನ್ನೊಂದ್ಸಲ ನೋಡಿ."

"ಅವಸರ ಏನು? ಚಳಿಗಾಲ ಬರಲಿ, ಅತಿಥಿಗಳು ಕಡಿಮೆ ಆಗ್ತಾರೆ."

"ಅಷ್ಟು ಹೊತ್ತಿಗೆ ನನ್ನ ಒಲೆ ಮೇಲೆ ಬೇರೆಯವರ ಬಾಣಲೆ ಇರುತ್ತೆ."

ಅವರು ಅವಳ ಮುಖ ನೋಡಿದರು. "ಶನಿವಾರ," ಎಂದರು.

ಶನಿವಾರ ಬಂದಾಗ ಮೇಜಿನ ಮೇಲೆ ಇದ್ದದ್ದು ಬೇರೆಯೇ. ದನದ ಪಕ್ಕೆಲುಬಿನ ದೊಡ್ಡ ತುಂಡೇನೋ ಹೋದ ಸಲದ ಹಾಗೆಯೇ. ಆದರೆ ಕುರಿಯ ತೊಡೆಯ ಜಾಗದಲ್ಲಿ ಪಕ್ಕೆಯ ಬಿಡಿ ತುಂಡುಗಳು. ಕಾರೂಸ್ ಹೋಳಿನ ಜಾಗದಲ್ಲಿ ಇಡೀ ಮನ್ನಾನಿ ಮೀನು, ಕಲ್ಲುಸಂದಿಯಲ್ಲಿ ಬೆಳೆಯುವ ಜಾತಿ, ದಪ್ಪ ತಲೆ, ಮೊಂಜಿಯಾಳ ತೋಳಿಗಿಂತ ದಪ್ಪ ಬೆನ್ನು. ಸಿ ಲಾಮೀನ್ ಯಾರಿಗೂ ಮುಂಚೆ ಹೇಳಿರಲಿಲ್ಲ. ತೆಳುವಾಗಿದ್ದ ಮೀನು ದಪ್ಪವಾಗಿತ್ತು, ದಪ್ಪವಿದ್ದ ಕುರಿ ತೆಳುವಾಗಿತ್ತು.

ಇವರಿಗೆ ನಾನು ಹೋಗುವುದೇ ಬೇಡ, ಎಂದುಕೊಂಡಳು ಮೊಂಜಿಯಾ. ಐಸ್ ಕೋಣೆಯ ಬಾಗಿಲಿಗೆ ಒರಗಿ ನಿಂತಳು. ಈ ಸಲ ಅವಳು ಕಣ್ಣನ್ನು ಕಿಟಕಿಯ ಕಡೆಗೆ ನೆಟ್ಟಳು. ಅಲ್ಲಿ ಸುಟ್ಟ ಕೆಂಪು ಕಾಲುಗಳು.

ಶಾದ್ಲಿ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದ, ದನದ್ದನ್ನು ನಲವತ್ತೊಂಬತ್ತರಲ್ಲಿ ತೆಗೆದ ಎಂದು ಹಲಗೆಯ ಸದ್ದಿನಿಂದ ತಿಳಿಯಿತು. ಕುರಿಯ ತುಂಡುಗಳು ಚುರುಗುಟ್ಟುತ್ತಿದ್ದವು. ಐವತ್ತೈದರಲ್ಲಿ ಅವನು ಎತ್ತಲಿಲ್ಲ. ಐವತ್ತಾರು, ಐವತ್ತೇಳು. ಎಲ್ಲಿ ಮರೆತನೋ ಎಂದು ಅವಳ ಕಣ್ಣು ಕಿಟಕಿ ಬಿಟ್ಟು ಒಲೆಯ ಕಡೆಗೆ ತಿರುಗಿತು. ಐವತ್ತೊಂಬತ್ತಕ್ಕೆ ಎತ್ತಿ, ಬಿಸಿ ತಟ್ಟೆಯಲ್ಲಲ್ಲ, ಮರದ ಹಲಗೆಯ ಮೇಲೆ ಇಟ್ಟ.

ಕೊನೆಗೆ ಮನ್ನಾನಿ. ಓವನ್ ಬಾಗಿಲು ತೆರೆದ. ಸೂಜಿ ತಲೆಯ ಹಿಂದಿನ ದಪ್ಪ ಭಾಗಕ್ಕೆ, ಮುಳ್ಳಿಗೆ ತಾಗದ ಹಾಗೆ. ಐವತ್ತಮೂರು. ಆಚೆ ತೆಗೆದು ಸಡಿಲವಾಗಿ ಹೊದಿಸಿದ.

ಸಿ ಲಾಮೀನ್ ಚಾಕು ಮುಂದೆ ಚಾಚಿದರು. "ಕೊಯ್ಯಿ. ಮೇಲೆ ಜನ ಕಾಯ್ತಿದಾರೆ."

"ಇನ್ನೂ ಆಗಿಲ್ಲ, ಸಿ ಲಾಮೀನ್."

"ಹೋದ್ಸಲ ಮೀನು ಇಳೀತು ತಾನೇ? ಇದೂ ಇಳಿಯುತ್ತೆ. ವಾಪಸ್ ಓವನ್‌ಗೆ ಹಾಕು, ಇಲ್ಲ ಕೊಯ್ಯಿ."

ಶಾದ್ಲಿಯ ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಅವನು ಚಾಕು ಮುಟ್ಟಲಿಲ್ಲ, ಓವನ್ ಬಾಗಿಲೂ ತೆರೆಯಲಿಲ್ಲ. "ಹೋದ್ಸಲದ್ದು ಸಣಕಲು," ಎಂದ. "ಇದು ಬ್ರಾಹಿಂ ಮಾವ."

"ಯಾವ ಬ್ರಾಹಿಂ?"

"ಆಚೆ ಬಂದ್ಮೇಲೆ ಬೆವರ್ತಾರೆ. ನೀವು ನೋಡ್ತಿರಿ."

ಐವತ್ತೈದು. ಸಿ ಲಾಮೀನ್ ಚಾಕು ಹಿಡಿದೇ ನಿಂತರು. ಐವತ್ತಾರು. ಮೇಲಿನಿಂದ ಯಾರೋ ಬಡಿಸುವವನು ಇಳಿದು ಬಂದು ಏನೋ ಕೇಳಲು ಬಾಯಿ ತೆರೆದು, ಎಲ್ಲರ ಬೆನ್ನು ನೋಡಿ ತಾನೂ ಸೂಜಿಯತ್ತ ಬಗ್ಗಿದ. ಐವತ್ತೆಂಟಕ್ಕೆ ಅಂಕಿ ನಿಂತಿತು. ಶಾದ್ಲಿ ಚಮಚ ಹಾಕಿದ. ಬೆಳ್ಳಗಿನ ದಪ್ಪ ಪದರ ಒಂದರ ಮೇಲಿಂದ ಒಂದು ಜಾರಿ ಮುಳ್ಳು ಬಿಟ್ಟಿತು, ಒದ್ದೆಯಾಗಿ ಹೊಳೆಯುತ್ತ. ಅಷ್ಟರಲ್ಲಿ ಕುರಿ ಅರವತ್ತೆರಡಕ್ಕೆ ಬಂದಿತ್ತು, ದನದ್ದು ಐವತ್ತಾರಕ್ಕೆ.

ಸಿ ಲಾಮೀನ್ ಮೂರನ್ನೂ ರುಚಿ ನೋಡಿದರು. ಚಾಕು ಕೆಳಗಿಟ್ಟರು. ಗೋಡೆಗೆ ಬೆನ್ನು ಕೊಟ್ಟು ಒಂದು ಲೋಟ ನೀರು ನಿಧಾನವಾಗಿ ಕುಡಿದರು, ಮೇಲಿನ ಕೋಣೆಯಿಂದ ಇಳಿದು ಬಂದ ದಿನದ ಹಾಗೆ.

"ಸರಿ," ಎಂದರು. "ಕೈ ಸಿಕ್ತು."

ಮೊಂಜಿಯಾ ಬಾಗಿಲಿನಿಂದ ಬೆನ್ನು ತೆಗೆದಳು. ಕುಪ್ಪಸ ಕಬ್ಬಿಣದ ಚಳಿಗೆ ಅಂಟಿಕೊಂಡಿತ್ತು. ಅವಳು ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. ಬಿಚ್ಚಿ ಅಭ್ಯಾಸವಿಲ್ಲದ ಹಾಗೆ ಬೆರಳು ತಡವರಿಸಿತು.

ಅಷ್ಟರಲ್ಲಿ ಸಿ ಲಾಮೀನ್ ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿಕೊಂಡು ಶಾದ್ಲಿಯ ಮುಂದೆ ಇಟ್ಟರು. "ನೀನು ನಮ್ಮವನೇ ಆಗ್ಬಿಟ್ಟೆ ಶಾದ್ಲಿ," ಎಂದರು, ಬಹಳ ಮೆತ್ತಗೆ. "ಒಂದು ಮಾತು ಕೊಡು ನಂಗೆ. ದೊಡ್ಡದೇನಲ್ಲ. ಈ ಒಲೆಗೆ ಇನ್ನೊಂದು ಕೈ ಸಿಗೋವರೆಗೆ..."

ಶಾದ್ಲಿಯ ಮುಖ ಅರಳಿತ್ತು. ಗೆದ್ದ ಮನುಷ್ಯನ ಮುಖ, ಏನು ಕೇಳಿದರೂ ಕೊಡುವ ಮುಖ. ಅವನ ಕೈ ರೊಟ್ಟಿಯ ಕಡೆಗೆ ಹೊರಟಿತ್ತು. ತನ್ನ ಕೈ ಅಂದು ಹೀಗೆಯೇ ಹೊರಟಿದ್ದು ಮೊಂಜಿಯಾಗೆ ಕಂಡಿತು, ಸಿ ಲಾಮೀನರ ತಾಯಿಯ ಮೇಜಿನ ಹೂವಿನ ಬಟ್ಟೆಯ ಸಮೇತ.

ಅವಳು ನಡೆದು ಬಂದು ಇಬ್ಬರ ನಡುವೆ ಕೈ ಹಾಕಿ ಆ ರೊಟ್ಟಿಯನ್ನು ಎತ್ತಿಕೊಂಡಳು. ಎರಡಾಗಿ ಮುರಿದಳು. ಹಲಗೆಯ ಮೇಲೆ ಅದ್ದಲು ನೋಡಿದರೆ ಅಲ್ಲಿ ರಸವೇ ಇರಲಿಲ್ಲ, ಅಷ್ಟು ಚೆನ್ನಾಗಿ ಕೂತಿತ್ತು ಮಾಂಸ. ಕೊನೆಗೆ ಓವನ್ನಿನ ತಟ್ಟೆಯ ತಳದಲ್ಲಿದ್ದುದಕ್ಕೆ ಅದ್ದಿ, ಒಂದು ಚೂರು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಶಾದ್ಲಿಯ ಕೈಗೆ ಕೊಟ್ಟಳು.

"ತಿನ್ನು," ಎಂದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

"ಮೊಂಜಿಯಾ," ಎಂದರು ಸಿ ಲಾಮೀನ್.

"ಪರೀಕ್ಷೆ ಮುಗೀತಲ್ಲ ಸಿ ಲಾಮೀನ್. ಈಗ ನಾನು ಬಾಯಿ ಬಿಡಬಹುದು." ಅವಳು ಅಗಿಯುತ್ತಲೇ ಮಾತಾಡಿದಳು. "ಅವನಿಗೆ ಕಸ್ರೀನ್‌ನಲ್ಲಿ ಹಸಿರು ಗೂಡು ಹಾಕೋದಿದೆ. ನಿಮಗೆ ಬೇಕಾದ್ರೆ ಅವನು ಇರೋವಾಗ್ಲೇ ಅವನ ಜೊತೆ ನಿಂತು ಇನ್ನಿಬ್ಬರಿಗೆ ನೀವೇ ಕಲಿಸಿ. ಅಂಕಿ ಹೇಳ್ಬೇಡಿ, ಹಮಾಮಿನ ಕಥೆ ಹೇಳಿ. ಮಾತು ಮಾತ್ರ ತಗೋಬೇಡಿ."

ಶಾದ್ಲಿ ಒಮ್ಮೆ ಇವಳನ್ನು, ಒಮ್ಮೆ ಅವರನ್ನು ನೋಡಿದ. ಆಮೇಲೆ ರೊಟ್ಟಿಯನ್ನು ಬಾಯಿಗೆ ಹಾಕಿಕೊಂಡ. ಬಾಯಿ ತುಂಬಿದ್ದರಿಂದ ಮಾತು ಕೊಡುವ ಹಾಗೂ ಇರಲಿಲ್ಲ.

ಸಿ ಲಾಮೀನ್ ಮೇಜಿನ ಮೇಲೆ ಉದುರಿದ ರೊಟ್ಟಿಯ ಪುಡಿಯನ್ನು ಕೈಯಿಂದ ಒರೆಸಿದರು. ಅವರಿಗೆ ಸಿಟ್ಟು ಬಂದಿತ್ತೋ, ಬೇರೆ ಏನಾದರೂ ಆಗಿತ್ತೋ ಮೊಂಜಿಯಾಗೆ ತಿಳಿಯಲಿಲ್ಲ. "ಬಸ್ಸು ಎಷ್ಟು ಹೊತ್ತಿಗೆ?" ಎಂದು ಮಾತ್ರ ಕೇಳಿದರು.

ಬಸ್ಸಿಳಿದು, ಸ್ಫಾಕ್ಸ್ ಬಂದರಿನಿಂದ ಕೆರ್ಕೆನ್ನಾದ ದೋಣಿ ಹೊರಟಾಗ ಬಿಸಿಲು ಇನ್ನೂ ಇತ್ತು. ಅವಳು ಒಳಗೆ ಕೂರದೆ ಕಟಕಟೆಯ ಹತ್ತಿರ ನಿಂತಳು. ಗಾಳಿ ತಣ್ಣಗಿತ್ತು, ಎದುರು ಕೂತ ಹೆಂಗಸರು ಶಾಲು ಬಿಗಿಮಾಡಿಕೊಂಡರು. ಅವಳಿಗೆ ಮಾತ್ರ ಕತ್ತು ಬೆವರುತ್ತಿತ್ತು. ಕೆಳಗಿನ ತಗ್ಗು ನೀರಿನಲ್ಲಿ ಒಂದು ಚಿಕ್ಕ ದೋಣಿಯಿಂದ ಯಾರೋ ಹಗ್ಗಕ್ಕೆ ಕಟ್ಟಿದ ಮಡಕೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು.

ದಡದಲ್ಲಿ ಬಹೀಜಾ ನಿಂತಿದ್ದಳು. ಕೈಯಲ್ಲಿ ನಜೀಹಾಳ ಬಾಣಲೆ ಇತ್ತು, ವಾಪಸು ಕೊಡಲು ಹೊರಟವಳ ಹಾಗೆ ಹಿಡಿದುಕೊಂಡಿದ್ದಳು.